ಕ್ಯಾಮೆರಾ ಕೆಳಗೆ ನೋಡಿದಾಗ ಮಾತ್ರ ಅದುರುವ ಗಿಂಬಲ್: ದೋಷ ಹುಡುಕುವ ಕ್ರಮ

ಡ್ರೋನಿನಲ್ಲಿ ಕ್ಯಾಮೆರಾ ಅಲುಗದ ಹಾಗೆ ಹಿಡಿಯುವ ಗಿಂಬಲ್ ಅದುರುತ್ತದೆ ಎಂದ ಕೂಡಲೇ ಹೆಚ್ಚಿನವರ ಕೈ ಲ್ಯಾಪ್‌ಟಾಪಿಗೆ ಹೋಗುತ್ತದೆ. ಅಲುಗಾಟಕ್ಕೆ ಮೋಟಾರು ಹೇಗೆ ಪ್ರತಿಕ್ರಿಯಿಸಬೇಕು ಎಂದು ಹೇಳುವ P, I, D ಅಂಕಿಗಳಲ್ಲಿ, ಅಂದರೆ PID ಯಲ್ಲಿ, P ಸ್ವಲ್ಪ ಏರಿಸುತ್ತಾರೆ, D ಸ್ವಲ್ಪ ಇಳಿಸುತ್ತಾರೆ. ಸರಿಯಾಗದಿದ್ದರೆ ಮೋಟಾರಿಗೆ ಬಲ ಕೊಡುವ POWER ಏರಿಸುತ್ತಾರೆ. ನನ್ನ ಹತ್ತಿರ ಬರುವ ಗಿಂಬಲ್‌ಗಳಲ್ಲಿ ಜಾಸ್ತಿ ಇಂಥವೇ. ತಪ್ಪು ಇರುವುದು ತೂಕದಲ್ಲಿ, ಔಷಧ ಕೊಟ್ಟಿರುವುದು ಸಾಫ್ಟ್‌ವೇರಿಗೆ. ಹಾಗಾಗಿ ಇಲ್ಲಿ ಒಂದೇ ಒಂದು ದೋಷವನ್ನು ತೆಗೆದುಕೊಂಡು ಬುಡದಿಂದ ನೋಡುತ್ತೇನೆ: ಮುಂದೆ ನೋಡುವಾಗ ಚಿತ್ರ ಚೆನ್ನಾಗಿದೆ, ಕ್ಯಾಮೆರಾ ಕೆಳಗೆ ಬಾಗಿದ ಕೂಡಲೇ ಅದುರು ಶುರು.

ಕಾಸರಗೋಡಿನ ನಮ್ಮ ಕಡೆ ಈ ದೋಷ ಬೇಗ ಗೊತ್ತಾಗುತ್ತದೆ. ಇಲ್ಲಿ ಡ್ರೋನ್ ಹಾರಿಸುವವರಿಗೆ ಅಡಿಕೆ ತೋಟ, ಮದುವೆ ಚಪ್ಪರ, ದೇವಸ್ಥಾನದ ಜಾತ್ರೆ ಎಲ್ಲವನ್ನೂ ಮೇಲಿನಿಂದ ತೆಗೆಯಬೇಕು. ಕ್ಯಾಮೆರಾ ಅರ್ಧ ಹೊತ್ತು ನೆಲವನ್ನೇ ನೋಡುತ್ತಿರುತ್ತದೆ.

ಬದಿಯಡ್ಕ ಕಡೆಯ ಮದುವೆ ವಿಡಿಯೋದ ಹುಡುಗನೊಬ್ಬ ತಂದ ಡ್ರೋನನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. 450 ಗಾತ್ರದ ನಾಲ್ಕು ರೆಕ್ಕೆಯ ಫ್ರೇಮು. ಅದರ ಕೆಳಗೆ ಎರಡು ಅಕ್ಷದ ಬ್ರಶ್‌ಲೆಸ್ ಗಿಂಬಲ್: ಕ್ಯಾಮೆರಾವನ್ನು ಮೇಲೆ ಕೆಳಗೆ ಬಾಗಿಸಲು ಟಿಲ್ಟ್ ಮೋಟಾರು, ಎಡಬಲಕ್ಕೆ ವಾಲದ ಹಾಗೆ ಹಿಡಿಯಲು ರೋಲ್ ಮೋಟಾರು. ಎರಡೂ 2208 ಮೋಟಾರು, ಗಿಂಬಲ್ ನಡೆಸುವ ಬೋರ್ಡು SimpleBGC ಎಂಟು ಬಿಟ್‌ನದ್ದು, ಬ್ಯಾಟರಿ 3S, ಅಂದರೆ ಮೂರು ಸೆಲ್ಲಿನದ್ದು. ಕ್ಯಾಮೆರಾ ಗೋಪ್ರೊ ಗಾತ್ರದ್ದು, ಲೆನ್ಸಿನ ಮುಂದೆ ಬೆಳಕು ಕಡಿಮೆ ಮಾಡುವ ND ಫಿಲ್ಟರು. ಅವನ ದೂರು ಇಷ್ಟೆ: "ಎದುರು ನೋಡುವಾಗ ಏನೂ ಇಲ್ಲ ಅಣ್ಣ. ಕೆಳಗೆ ಬಗ್ಗಿಸಿದರೆ ತೋಟ ಪೂರ್ತಿ ನೀರಿನೊಳಗೆ ಕಂಡ ಹಾಗೆ ಕಾಣ್ತದೆ."

ಮೊದಲು ಅದುರು ಯಾವ ಜಾತಿಯದ್ದು ಎಂದು ನೋಡಿ

ಎಲ್ಲ ಅದುರೂ ಒಂದೇ ಅಲ್ಲ. ಮೇಜಿನ ಮೇಲೆ ಇಟ್ಟಾಗಲೇ ಮೋಟಾರಿನಿಂದ ಗುಂಯ್ ಎಂಬ ಸಣ್ಣ ಸದ್ದು ಬಂದು, ಬೆರಳಿಟ್ಟರೆ ಜುಂ ಎನ್ನುತ್ತಿದ್ದರೆ P ಅಥವಾ D ಜಾಸ್ತಿಯಾಗಿದೆ. ಇಲ್ಲವೇ ಎಲ್ಲೋ ಒಂದು ಸ್ಕ್ರೂ ಸಡಿಲವಿದೆ. ಸೆಕೆಂಡಿಗೆ ಒಂದೆರಡು ಸಲ ನಿಧಾನ ತೂಗಾಡಿದರೆ I ಜಾಸ್ತಿ ಇರಬೇಕು, ಅಥವಾ ಮೋಟಾರಿಗೆ ತೂಕ ಹಿಡಿಯುವ ಬಲ ಸಾಲುತ್ತಿಲ್ಲ. ನೆಲದ ಮೇಲೆ ಏನೂ ಇಲ್ಲದೆ ಹಾರಿದಾಗ ಮಾತ್ರ ಚಿತ್ರದ ಮೇಲೆ ಅಲೆ ಅಲೆಯಾಗಿ ಗೆರೆ ಬಾಗಿದರೆ ಅದು ರೆಕ್ಕೆಗಳಿಂದ ಬಂದ ಕಂಪನ.

ಇನ್ನೊಂದಿದೆ. ಕ್ಯಾಮೆರಾ ಇದ್ದಕ್ಕಿದ್ದಂತೆ ಒಮ್ಮೆ ಎಗರಿ ಬೇರೆ ಕೋನದಲ್ಲಿ ನಿಲ್ಲುತ್ತದೆ. ಅದು ಅದುರಲ್ಲ, ಮೋಟಾರಿನ ಹಿಡಿತ ತಪ್ಪಿದ್ದು. ಇಂಥ ಸಾದಾ ಗಿಂಬಲ್‌ನಲ್ಲಿ ಮೋಟಾರು ಎಷ್ಟು ತಿರುಗಿದೆ ಎಂದು ಅಳೆಯುವ ಎನ್‌ಕೋಡರ್ ಇರುವುದಿಲ್ಲ. ಬೋರ್ಡು ಕಾಂತಕ್ಷೇತ್ರವನ್ನು ತಿರುಗಿಸುತ್ತದೆ, ರೋಟರು ಅದರ ಹಿಂದೆ ಬರುತ್ತದೆ ಎಂಬ ನಂಬಿಕೆಯಲ್ಲೇ ಎಲ್ಲ ನಡೆಯುತ್ತದೆ. 2208 ಮೋಟಾರಿನಲ್ಲಿ ಸಾಮಾನ್ಯವಾಗಿ 14 ಧ್ರುವ, ಅಂದರೆ 7 ಜೋಡಿ. ಹಿಡಿತ ತಪ್ಪಿದರೆ ರೋಟರು ಮುಂದಿನ ಜೋಡಿಗೆ ಹೋಗಿ ಕೂರುತ್ತದೆ. 360 ಅನ್ನು 7ರಿಂದ ಭಾಗಿಸಿ, ಸುಮಾರು 51 ಡಿಗ್ರಿ. ಎಗರುವಿಕೆ ಹತ್ತಿರ ಹತ್ತಿರ ಅಷ್ಟೇ ಇದ್ದರೆ ಮೋಟಾರು ಭಾರ ತಾಳಲಾರದೆ ಕೈಬಿಟ್ಟಿದೆ ಎಂದು ತಿಳಿಯಬಹುದು.

ಜಾತಿ ಗುರುತಿಸಲು ಮೂರು ಸ್ಥಿತಿಯಲ್ಲಿ ನೋಡಬೇಕು. ಗಿಂಬಲ್‌ಗೆ ಕರೆಂಟೇ ಇಲ್ಲದೆ ಒಮ್ಮೆ. ಗಿಂಬಲ್ ಚಾಲೂ ಇದ್ದು ಡ್ರೋನಿನ ಮೋಟಾರು ನಿಂತಿರುವಾಗ ಒಮ್ಮೆ. ಕೊನೆಗೆ ಹಾರಿಸಿ. ಮೊದಲ ಎರಡು ಪರೀಕ್ಷೆಗೆ ರೆಕ್ಕೆಗಳನ್ನು ಬಿಚ್ಚಿ ಬದಿಗಿಡಿ. ಮುಖವನ್ನು ಗಿಂಬಲ್ ಹತ್ತಿರ ಹಿಡಿದು ನೋಡುವ ಕೆಲಸ ಇದು, ಆ ಹೊತ್ತಿಗೆ ರೆಕ್ಕೆ ಮೇಲಿರಬಾರದು.

ಬದಿಯಡ್ಕದ ಡ್ರೋನಿನಲ್ಲಿ ಎರಡನೇ ಸ್ಥಿತಿಯಲ್ಲೇ ದೋಷ ಸಿಕ್ಕಿತು. ಮೇಜಿನ ಮೇಲೆ ಕ್ಯಾಮೆರಾ ನೇರ ಇರುವಾಗ ತಣ್ಣಗಿತ್ತು. ರಿಮೋಟಿನಲ್ಲಿ ನಿಧಾನ ಕೆಳಗೆ ಬಾಗಿಸಿದಾಗ 30 ಡಿಗ್ರಿ ದಾಟಿದ ಮೇಲೆ ಕ್ಯಾಮೆರಾದ ತುದಿ ಸಣ್ಣಗೆ ನಡುಗತೊಡಗಿತು. ಪೂರ್ತಿ ಕೆಳಗೆ ಬಾಗಿಸಿದಾಗ ನಡುಕ ಕಣ್ಣಿಗೆ ಕಾಣುವಷ್ಟಾಯಿತು. ಮೋಟಾರು ಮುಟ್ಟಿದರೆ ಬಿಸಿ. ಹಾರಿಸದೆಯೇ ಇಷ್ಟಾಗುತ್ತದೆ ಎಂದರೆ ರೆಕ್ಕೆಯ ತಂಟೆ ಅಲ್ಲ, ಅಲ್ವಾ? ಕೋನದ ಜೊತೆ ಏರುವ ದೋಷ ಎಂದರೆ ಮೊದಲು ತೂಕವನ್ನೇ ಅನುಮಾನಿಸಬೇಕು.

ತೂಕ: ಎಲ್ಲರೂ ಬಿಡುವ ಎರಡನೇ ದಿಕ್ಕು

ಕ್ಯಾಮೆರಾವನ್ನು ಟಿಲ್ಟ್ ಮೋಟಾರಿನ ಮೇಲೆ ತೂಗಿಸುವಾಗ ಎರಡು ದಿಕ್ಕು ನೋಡಬೇಕು. ಒಂದು ಹಿಂದೆ ಮುಂದೆ. ಇದನ್ನು ಎಲ್ಲರೂ ಮಾಡುತ್ತಾರೆ: ಕರೆಂಟ್ ತೆಗೆದು ಲೆನ್ಸನ್ನು ಅಡ್ಡಕ್ಕೆ ಹಿಡಿದು ಕೈ ಬಿಡುತ್ತಾರೆ. ಲೆನ್ಸ್ ಕೆಳಗೆ ಬಿದ್ದರೆ ಕ್ಯಾಮೆರಾವನ್ನು ಹಿಂದಕ್ಕೆ, ಮೇಲೆದ್ದರೆ ಮುಂದಕ್ಕೆ ಸರಿಸುತ್ತಾರೆ. ನಿಂತಿತು ಎಂದರೆ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ.

ಇನ್ನೊಂದು ಮೇಲೆ ಕೆಳಗೆ. ಕ್ಯಾಮೆರಾದ ತೂಕದ ಕೇಂದ್ರ ಮೋಟಾರಿನ ಅಕ್ಷದ ನೇರಕ್ಕೇ ಇರಬೇಕು. ಅದಕ್ಕಿಂತ ಮೇಲೂ ಬೇಡ, ಕೆಳಗೂ ಬೇಡ. ಕ್ಯಾಮೆರಾ ನೇರ ಇರುವಾಗ ಈ ತಪ್ಪು ಕಾಣಿಸುವುದೇ ಇಲ್ಲ. ಕೇಂದ್ರ ಅಕ್ಷದ ಸರೀ ಮೇಲೆ ಇದ್ದರೆ ಆ ಹೊತ್ತಿಗೆ ಅದು ಯಾವ ಕಡೆಗೂ ಎಳೆಯುವುದಿಲ್ಲ, ಬೇರಿಂಗಿನ ಸಣ್ಣ ಘರ್ಷಣೆಯೇ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಾಗಿಸಿದಾಗ ಮಾತ್ರ ಅದರ ಎಳೆತ ಶುರುವಾಗುತ್ತದೆ.

ಲೆಕ್ಕ ಹಾಕಿ ನೋಡಿ. ಕ್ಯಾಮೆರಾ, ಫಿಲ್ಟರು, ಕೂರಿಸುವ ತಟ್ಟೆ ಎಲ್ಲ ಸೇರಿ 120 ಗ್ರಾಂ ಎನ್ನೋಣ. ತೂಕದ ಕೇಂದ್ರ ಅಕ್ಷಕ್ಕಿಂತ 3 ಮಿಲಿಮೀಟರ್ ಮೇಲಿದೆ. ನೇರ ಇರುವಾಗ ಮೋಟಾರಿನ ಮೇಲೆ ಎಳೆತ ಸೊನ್ನೆ. 30 ಡಿಗ್ರಿ ಬಾಗಿದಾಗ 18 ಗ್ರಾಂ-ಸೆಂಟಿಮೀಟರ್. ಪೂರ್ತಿ ಕೆಳಗೆ, 90 ಡಿಗ್ರಿಯಲ್ಲಿ 36. ತೂಕ ಸರಿ ಇದ್ದಿದ್ದರೆ ಈ ಮೂರೂ ಕಡೆ ಸೊನ್ನೆಯೇ ಇರಬೇಕಿತ್ತು. ಈಗ ಮೋಟಾರು ತನ್ನ ಬಲದ ಒಂದು ಪಾಲನ್ನು ಬರೇ ಕ್ಯಾಮೆರಾ ಬೀಳದ ಹಾಗೆ ಹಿಡಿಯಲು ಖರ್ಚು ಮಾಡುತ್ತದೆ. ಉಳಿದ ಬಲದಲ್ಲಿ ಡ್ರೋನಿನ ಅಲುಗಾಟ ಸರಿಪಡಿಸಬೇಕು. ಮೋಟಾರು ಬಿಸಿಯಾಗುವುದು, ಕೋನ ಹೆಚ್ಚಿದಂತೆ ನಡುಗುವುದು ಎರಡಕ್ಕೂ ಕಾರಣ ಇದೇ.

ಪರೀಕ್ಷೆ ಸುಲಭ. ಕರೆಂಟ್ ತೆಗೆಯಿರಿ. ಕ್ಯಾಮೆರಾದಲ್ಲಿ ಬ್ಯಾಟರಿ, ಮೆಮೊರಿ ಕಾರ್ಡ್, ಫಿಲ್ಟರ್ ಎಲ್ಲ ಹಾರಿಸುವಾಗ ಇದ್ದ ಹಾಗೆಯೇ ಇರಲಿ. ಲೆನ್ಸಿನ ತುದಿಗೆ ಹಾಕುವ ಫಿಲ್ಟರು ನಾಲ್ಕೈದು ಗ್ರಾಂ ಇದ್ದರೂ ಅಕ್ಷದಿಂದ ದೂರ ಇರುವುದರಿಂದ ಅದರ ಎಳೆತ ಜಾಸ್ತಿ. ಈಗ ಲೆನ್ಸನ್ನು ನೇರ ನೆಲಕ್ಕೆ ತಿರುಗಿಸಿ ಕೈ ಬಿಡಿ. ಕ್ಯಾಮೆರಾ ತಾನಾಗಿ ಎದ್ದು ಮತ್ತೆ ಮುಂದೆ ನೋಡಿದರೆ ಕೆಳಭಾಗ ಭಾರ, ಕ್ಯಾಮೆರಾವನ್ನು ಏರಿಸಬೇಕು. ನೆಲವನ್ನೂ ದಾಟಿ ಲೆನ್ಸ್ ಹಿಂದಕ್ಕೆ ತಿರುಗಿದರೆ ಮೇಲ್ಭಾಗ ಭಾರ, ಕ್ಯಾಮೆರಾವನ್ನು ಇಳಿಸಬೇಕು. ಬಿಟ್ಟ ಕೋನದಲ್ಲೇ ನಿಂತರೆ ಸರಿ. 45 ಡಿಗ್ರಿಯಲ್ಲೂ ಬಿಟ್ಟು ನೋಡಿ.

ಹುಡುಗನ ಡ್ರೋನಿನಲ್ಲಿ ಲೆನ್ಸ್ ಸೀದಾ ಹಿಂದಕ್ಕೆ ತಿರುಗಿ ಫ್ರೇಮಿಗೆ ತಾಗಿತು. ಕಾರಣ ಕ್ಯಾಮೆರಾದ ಅಡಿಯಲ್ಲೇ ಇತ್ತು. ಕ್ಯಾಮೆರಾ ಜಾರಬಾರದು ಎಂದು ತಟ್ಟೆಗೂ ಕ್ಯಾಮೆರಾಕ್ಕೂ ನಡುವೆ ದಪ್ಪ ಫೋಮಿನ ಡಬಲ್ ಸೈಡ್ ಟೇಪನ್ನು ಎರಡು ಪದರ ಅಂಟಿಸಿದ್ದ. ಅದನ್ನು ಕಿತ್ತು, ಸೈಕಲ್ ಟ್ಯೂಬಿನ ರಬ್ಬರನ್ನು ಒಂದೇ ಪದರ ಇಟ್ಟು ಪಟ್ಟಿ ಬಿಗಿದೆವು. ಕ್ಯಾಮೆರಾ ಸುಮಾರು 3 ಮಿಲಿಮೀಟರ್ ಕೆಳಗೆ ಬಂತು. ಆಮೇಲೆ ಲೆನ್ಸ್ ಕೆಳಗೆ ಬಿಟ್ಟಾಗ ಇನ್ನೂ ಸ್ವಲ್ಪ ಹಿಂದಕ್ಕೆ ಸರಿಯುತ್ತಿತ್ತು. ತಟ್ಟೆಯ ಕೆಳಮೈಗೆ ಒಂದು ಪುಟ್ಟ ವಾಷರ್ ಅಂಟಿಸಿದ ಮೇಲೆ ನಿಂತಿತು. ಹೀಗೆ ತೂಕ ಕೂಡಿಸುವುದು ಕೊನೆಯ ಉಪಾಯ. ಸರಿಸಿ ಆಗುವುದಾದರೆ ಸರಿಸಿಯೇ ಮಾಡಿ.

ಮೇಲೆ ಕೆಳಗೆ ಸರಿ ಮಾಡಿದ ಮೇಲೆ ಹಿಂದೆ ಮುಂದೆ ಮತ್ತೊಮ್ಮೆ ನೋಡಬೇಕು, ಒಂದನ್ನು ಮುಟ್ಟಿದರೆ ಇನ್ನೊಂದು ಸ್ವಲ್ಪ ಕೆಡುತ್ತದೆ. ಟಿಲ್ಟ್ ಮುಗಿದ ಮೇಲೆಯೇ ರೋಲ್. ರೋಲ್ ಮೋಟಾರು ಟಿಲ್ಟ್ ಮೋಟಾರನ್ನೂ ಹೊರುವುದರಿಂದ ಒಳಗಿನಿಂದ ಹೊರಗೆ ಬರುವ ಈ ಕ್ರಮ ತಿರುಗಿಸುವಂತಿಲ್ಲ.

ತೂಕವೋ, ವಯರೋ?

ಇಲ್ಲಿ ಒಂದು ಗೊಂದಲ ಬರುತ್ತದೆ. ಕ್ಯಾಮೆರಾವನ್ನು ಯಾವ ಕಡೆ ಬಾಗಿಸಿ ಬಿಟ್ಟರೂ ಅದು ನಡುವಿಗೆ ಮರಳಿದರೆ ಕೆಳಭಾಗ ಭಾರ ಎಂದು ಅನ್ನಿಸುತ್ತದೆ. ಆದರೆ ಬಿಗಿಯಾದ ವಯರು ಕೂಡ ಸ್ಪ್ರಿಂಗಿನಂತೆ ಎಳೆದು ಹಾಗೆಯೇ ಮಾಡುತ್ತದೆ. ಎರಡನ್ನೂ ಬೇರೆ ಮಾಡಲು ನಾನು ಬಳಸುವ ದಾರಿ ಇದು: ಇಡೀ ಡ್ರೋನನ್ನು ಕೈಯಲ್ಲಿ ಹಿಡಿದು ಮೂಗು ನೆಲದ ಕಡೆಗೆ ಬಗ್ಗಿಸಿ. ಕ್ಯಾಮೆರಾ ನಿಲ್ಲುವ ಜಾಗ ನೆಲದ ಲೆಕ್ಕದಲ್ಲಿ ಅದೇ ಇದ್ದರೆ ಎಳೆಯುತ್ತಿರುವುದು ತೂಕ. ಫ್ರೇಮಿನ ಜೊತೆ ಅದೂ ತಿರುಗಿ ಬಂದರೆ ಎಳೆಯುತ್ತಿರುವುದು ವಯರು. ಇನ್ನೂ ಅನುಮಾನವಿದ್ದರೆ ವಯರನ್ನು ಕ್ಯಾಮೆರಾದಿಂದ ಬಿಚ್ಚಿ ನೋಡಿ.

ಈ ಡ್ರೋನಿನಲ್ಲಿ ವಯರಿನ ದೋಷವೂ ಇತ್ತು, ಆದರೆ ಸಣ್ಣದು. ಕ್ಯಾಮೆರಾದಿಂದ ವಿಡಿಯೋ ಟ್ರಾನ್ಸ್‌ಮಿಟರಿಗೆ ಹೋಗುವ ವಯರನ್ನು ಗಿಂಬಲ್ ತೋಳಿಗೆ ಜಿಪ್ ಟೈ ಹಾಕಿ ಬಿಗಿದಿದ್ದ. ಅದರ ಪ್ಲಾಸ್ಟಿಕ್ ಹೊದಿಕೆ ಗಟ್ಟಿಯಾಗಿತ್ತು. ಅದರ ಜಾಗಕ್ಕೆ ತೆಳು ಸಿಲಿಕಾನ್ ವಯರು ಹಾಕಿ, ಟಿಲ್ಟ್ ಮೋಟಾರಿನ ಅಕ್ಷದ ಹತ್ತಿರವೇ ಒಂದು ಸಡಿಲ ಸುತ್ತು ಬಿಟ್ಟೆವು. ಸುತ್ತು ಅಕ್ಷದ ಹತ್ತಿರ ಇದ್ದಷ್ಟೂ ಬಾಗುವಾಗ ವಯರು ಎಳೆಯುವುದು ಕಡಿಮೆ.

ವಯರು ನೋಡುತ್ತಿರುವಾಗಲೇ ಸೆನ್ಸರನ್ನೂ ಮುಟ್ಟಿ ನೋಡಿ. ಕ್ಯಾಮೆರಾ ತಟ್ಟೆಯ ಮೇಲಿದ್ದು ಕ್ಯಾಮೆರಾದ ಕೋನ, ಅಲುಗಾಟ ಅಳೆಯುವ ಆ ಪುಟ್ಟ IMU ಬೋರ್ಡು ಕದಲಬಾರದು. ಅದರ ಅಡಿಯ ಟೇಪು ನಮ್ಮ ಬೇಸಿಗೆಯ ಸೆಖೆಗೆ ಮೆತ್ತಗಾದರೆ ಸೆನ್ಸರು ತನ್ನಷ್ಟಕ್ಕೆ ನಡುಗುತ್ತದೆ. ಇಲ್ಲದ ಅಲುಗಾಟವನ್ನು ಸರಿಪಡಿಸಲು ಹೋಗಿ ಗಿಂಬಲ್ ನಿಜವಾದ ಅಲುಗಾಟ ಮಾಡುತ್ತದೆ. ಆ ಸೆನ್ಸರಿನ ವಯರು ಮೋಟಾರಿನ ವಯರಿಗೆ ಅಂಟಿಕೊಂಡು ಹೋಗಬಾರದು. ಹೋದರೆ ಲ್ಯಾಪ್‌ಟಾಪಿನ ಪರದೆಯಲ್ಲಿ I2C Errors, ಅಂದರೆ ಸೆನ್ಸರಿನಿಂದ ಬೋರ್ಡಿಗೆ ಮಾಹಿತಿ ತಪ್ಪಿದ ಸಂಖ್ಯೆ, ಏರುತ್ತಾ ಹೋಗುತ್ತದೆ, ಕ್ಯಾಮೆರಾ ಆಗಾಗ ಸುಮ್ನೆ ಝಟ್ ಎನ್ನುತ್ತದೆ.

ಕರಾವಳಿಯವರು ಬೇರಿಂಗನ್ನು ಮರೆಯಬೇಡಿ. ಕುಂಬಳೆ, ಬೇಕಲ ಕಡೆ ಸಮುದ್ರದ ಹತ್ತಿರ ಹಾರಿಸಿ ಹಾಗೇ ಬ್ಯಾಗಿಗೆ ತುಂಬಿಟ್ಟರೆ ಉಪ್ಪಿನ ಗಾಳಿಗೆ ತುಕ್ಕು ಹಿಡಿಯುತ್ತದೆ. ಕರೆಂಟ್ ಇಲ್ಲದಾಗ ಮೋಟಾರನ್ನು ಎರಡು ಬೆರಳಲ್ಲಿ ನಿಧಾನ ತಿರುಗಿಸಿ. ಮರಳು ಸಿಕ್ಕಿದ ಹಾಗೆ ಕರಕರ ಅಂದರೆ ಬೇರಿಂಗ್ ಬದಲಿಸಬೇಕು. ಯಾವ PID ಯಿಂದಲೂ ಅದು ಗುಣವಾಗುವುದಿಲ್ಲ.

ಈಗ ಲ್ಯಾಪ್‌ಟಾಪ್

ತೂಕ ತಪ್ಪಿದ್ದಾಗ ಹಾಕಿದ ಅಂಕಿಗಳು ತೂಕ ಸರಿಯಾದ ಮೇಲೆ ಹೊಂದುವುದಿಲ್ಲ. ಹುಡುಗ ಕ್ಯಾಮೆರಾ ಹಿಡಿಯಲು ಬೇಕೆಂದು POWER, P ಎರಡನ್ನೂ ಏರಿಸಿದ್ದ. ಭಾರ ಹೋದ ಮೇಲೆ ಅದೇ ಅಂಕಿಗೆ ಗಿಂಬಲ್ ನೇರ ಇರುವಾಗಲೂ ಗುಂಯ್ ಎನ್ನತೊಡಗಿತು. ಇದು ಕೆಟ್ಟ ಲಕ್ಷಣ ಅಲ್ಲ. ಮೋಟಾರಿಗೆ ಈಗ ಬೇಕಾದ್ದಕ್ಕಿಂತ ಜಾಸ್ತಿ ಬಲ ಸಿಗುತ್ತಿದೆ ಎಂದು ಅರ್ಥ.

POWER 0ರಿಂದ 255ರವರೆಗೆ ಇರುತ್ತದೆ. 255 ಎಂದರೆ ಬ್ಯಾಟರಿಯ ಪೂರ್ತಿ ವೋಲ್ಟೇಜು ಮೋಟಾರಿಗೆ. ಇದನ್ನು ಏರಿಸಿದರೆ ಪರೋಕ್ಷವಾಗಿ PID ಯನ್ನೂ ಏರಿಸಿದಂತೆ. ಹಾಗಾಗಿ POWER ಅನ್ನು ಮೊದಲು ನಿಲ್ಲಿಸಿ, ಆಮೇಲೆ PID ಗೆ ಕೈ ಹಾಕಬೇಕು. ನಿಧಾನ ಇಳಿಸುತ್ತಾ ಬನ್ನಿ. ಕ್ಯಾಮೆರಾವನ್ನು ಬೆರಳಲ್ಲಿ ಮೆಲ್ಲಗೆ ತಳ್ಳಿದಾಗ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಹತ್ತು ನಿಮಿಷ ಚಾಲೂ ಇಟ್ಟರೂ ಮೋಟಾರನ್ನು ಬೆರಳಲ್ಲಿ ಒತ್ತಿ ಹಿಡಿಯುವಂತಿರಬೇಕು. 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೋಟಾರಿನ ಆಯಸ್ಕಾಂತಕ್ಕೆ ಶಾಶ್ವತ ಹಾನಿಯಾಗುತ್ತದೆ.

ಆಮೇಲೆ ಒಂದೊಂದೇ ಅಕ್ಷ. ಇಲ್ಲಿ PITCH ಎಂದರೆ ನಾವು ಟಿಲ್ಟ್ ಎನ್ನುವುದು. I ಯನ್ನು 0.01 ಕ್ಕೆ ಇಳಿಸಿ, P ಮತ್ತು D ಯನ್ನೂ ಸಣ್ಣ ಅಂಕಿಯಿಂದ ಶುರು ಮಾಡಿ. ಸಾಫ್ಟ್‌ವೇರಿನಲ್ಲಿ Realtime Data ತೆರೆದು, ಕ್ಯಾಮೆರಾದ ಅಲುಗಾಟ ತೋರಿಸುವ ಗೈರೋ ಗೆರೆ ನೋಡುತ್ತಾ ಕ್ಯಾಮೆರಾವನ್ನು ಬೆರಳಲ್ಲಿ ತಟ್ಟಿ. P ಏರಿಸಿದಂತೆ ತಟ್ಟಿದ ಮೇಲೆ ಗೆರೆ ಮೇಲೆ ಕೆಳಗೆ ತೂಗಾಡುತ್ತದೆ. ಆಗ D ಸ್ವಲ್ಪ ಏರಿಸಿ, ತೂಗಾಟ ಬೇಗ ಅಡಗುತ್ತದೆ. ಮತ್ತೆ P, ಮತ್ತೆ D. ಒಂದು ಹಂತದಲ್ಲಿ D ಏರಿಸಿದ ಕೂಡಲೇ ಗೆರೆ ದಪ್ಪಗಾಗಿ ಒರಟಾಗುತ್ತದೆ, ಕೈಗೆ ಜುಂ ಎನ್ನುತ್ತದೆ. ಅದೇ ಮಿತಿ. ಅಲ್ಲಿಂದ P, D ಎರಡನ್ನೂ ಸ್ವಲ್ಪ ಇಳಿಸಿ. ಆಮೇಲೆ I ಯನ್ನು ಏರಿಸುತ್ತಾ ಹೋಗಿ. ನಿಧಾನ ತೂಗಾಟ ಶುರುವಾದಲ್ಲಿಂದ ಸ್ವಲ್ಪ ಹಿಂದೆ ಬನ್ನಿ.

ಇದನ್ನು ಕ್ಯಾಮೆರಾ ನೇರ ಇಟ್ಟು ಮಾತ್ರ ಮಾಡಿ ಎದ್ದು ಹೋಗಬಾರದು. 45 ಡಿಗ್ರಿಯಲ್ಲಿ, ಪೂರ್ತಿ ಕೆಳಗೆ, ಎರಡು ಕಡೆಯೂ ತಟ್ಟಿ ನೋಡಿ. ಡ್ರೋನನ್ನು ಕೈಯಲ್ಲಿ ಎತ್ತಿ ಅತ್ತಿತ್ತ ಆಡಿಸಿಯೂ ನೋಡಿ. ಒಂದು ಅಕ್ಷದ ಚಲನೆ ಇನ್ನೊಂದನ್ನು ಕೆಣಕುತ್ತದೆ. ಹಾಗಾದರೆ ನಡುಗುವ ಅಕ್ಷದ ಅಂಕಿಗಳನ್ನು ಇನ್ನೂ ಸ್ವಲ್ಪ ಇಳಿಸಬೇಕು. ಇನ್ನೊಂದು ವಿಷಯ: ಬ್ಯಾಟರಿ ಪೂರ್ತಿ ತುಂಬಿದಾಗಲೇ ಹೊಂದಿಸಿ. 3S ತುಂಬಿದಾಗ 12.6 ವೋಲ್ಟ್ ಇರುತ್ತದೆ, ಹಾರುತ್ತಾ ಇಳಿಯುತ್ತದೆ, ಅದರ ಜೊತೆ ಮೋಟಾರಿನ ಬಲವೂ ಇಳಿಯುತ್ತದೆ. ಅರ್ಧ ಖಾಲಿ ಬ್ಯಾಟರಿಯಲ್ಲಿ ಮಿತಿಗೆ ತಾಗಿಸಿ ಹೊಂದಿಸಿದರೆ, ಮಾರನೇ ದಿನ ತುಂಬಿದ ಬ್ಯಾಟರಿಯಲ್ಲಿ ಗುಂಯ್ ಎನ್ನುತ್ತದೆ.

ಈ ಡ್ರೋನಿನ ಟಿಲ್ಟ್ ಅಂಕಿಗಳು ಹೀಗೆ ಬದಲಾದವು:

```
PITCH   P    I     D    POWER
before  22   0.25  18   150
after   11   0.10   9    85
```

ಇದನ್ನು ಹಾಗೇ ನಿಮ್ಮದಕ್ಕೆ ಹಾಕಬೇಡಿ, ಮೋಟಾರು, ಕ್ಯಾಮೆರಾ ಬೇರೆಯಾದರೆ ಅಂಕಿಯೂ ಬೇರೆ. ನೋಡಬೇಕಾದ್ದು ಬೇರೆ: ತೂಕ ಸರಿಯಾದ ಮೇಲೆ ಎಲ್ಲ ಅಂಕಿಯೂ ಕೆಳಗೆ ಬಂದಿದೆ. ನೀವು ಹೊಂದಿಸುವಾಗ ಅಂಕಿ ಏರುತ್ತಲೇ ಹೋದರೆ ನಿಲ್ಲಿಸಿ, ಮತ್ತೆ ತೂಕಕ್ಕೆ ಹೋಗಿ.

ಹಾರಿಸಿದ ಮೇಲೆ ಉಳಿದದ್ದು

ಬಯಲಿನಲ್ಲಿ ತಲೆಯೆತ್ತರಕ್ಕಿಂತ ಸ್ವಲ್ಪ ಮೇಲೆ ನಿಲ್ಲಿಸಿ, ನಾವು ದೂರ ನಿಂತು, ಕ್ಯಾಮೆರಾ ನೇರ ಮತ್ತು ಕೆಳಗೆ ಎರಡು ಕೋನದಲ್ಲೂ ವಿಡಿಯೋ ತೆಗೆದೆವು. ದೊಡ್ಡ ನಡುಕ ಹೋಗಿತ್ತು. ಆದರೆ ಅಡಿಕೆ ಮರದ ಕಾಂಡಗಳ ಮೇಲೆ ಬಹಳ ಸಣ್ಣ ಅಲೆ ಉಳಿದಿತ್ತು. ಅದು ಎರಡೂ ಕೋನದಲ್ಲಿ ಒಂದೇ ಸಮ ಇತ್ತು. ಕೋನಕ್ಕೆ ಬದಲಾಗುವುದಿಲ್ಲ ಎಂದಮೇಲೆ ಇದು ತೂಕದ್ದಲ್ಲ, ರೆಕ್ಕೆಯದ್ದು.

ರೆಕ್ಕೆ ನಿಮಿಷಕ್ಕೆ 6000 ಸುತ್ತು ತಿರುಗಿದರೆ ಸೆಕೆಂಡಿಗೆ 100 ಸಲ ಕಂಪನ. ಅಷ್ಟು ಬೇಗದ್ದನ್ನು ಗಿಂಬಲ್ ಮೋಟಾರು ಸರಿಪಡಿಸಲಾರದು. ಅದು ಗಿಂಬಲ್‌ಗೆ ತಲುಪದ ಹಾಗೆ, ಗಿಂಬಲನ್ನು ಫ್ರೇಮಿಗೆ ತೂಗಿಸಿರುವ ರಬ್ಬರ್ ಚೆಂಡುಗಳೇ ತಡೆಯಬೇಕು. ಇಲ್ಲಿ ರಬ್ಬರ್ ಚೆನ್ನಾಗಿಯೇ ಇತ್ತು. ಆದರೆ ಗಿಂಬಲ್ ಕಳಚಿ ಬೀಳಬಾರದು ಎಂದು ಮೇಲಿನ ತಟ್ಟೆಗೂ ಕೆಳಗಿನ ತಟ್ಟೆಗೂ ಹಾಕಿದ್ದ ಜಿಪ್ ಟೈಗಳನ್ನು ಎಳೆದು ಬಿಗಿ ಮಾಡಲಾಗಿತ್ತು. ರಬ್ಬರ್ ಹಿಗ್ಗಲು ಜಾಗವೇ ಇಲ್ಲ, ಕಂಪನ ಟೈ ಮೂಲಕ ಸೀದಾ ಕೆಳಗೆ ಬರುತ್ತಿತ್ತು. ಟೈ ಇರಲೇಬೇಕು, ಆದರೆ ಸಡಿಲವಾಗಿ. ಕೈಯಲ್ಲಿ ಗಿಂಬಲ್ ಎಳೆದಾಗ ರಬ್ಬರ್ ಚೆನ್ನಾಗಿ ಹಿಗ್ಗಿದ ಮೇಲೆಯೇ ಟೈ ಬಿಗಿಯಾಗುವಂತಿರಬೇಕು. ಟೈ ಬದಲಿಸಿ, ಒಂದು ರೆಕ್ಕೆಯ ಹಗುರ ಬದಿಗೆ ಸಣ್ಣ ಟೇಪಿನ ತುಂಡು ಅಂಟಿಸಿ ಸಮತೂಕ ಮಾಡಿದ ಮೇಲೆ ಅಲೆ ಹೋಯಿತು.

ಬೇಕಲ ಕೋಟೆಯ ಬದಿಯಂಥ ಸಮುದ್ರದ ಗಾಳಿ ಬೀಸುವ ಕಡೆ ಮಾತ್ರ ಇದೇ POWER ಸಾಲದೆ ಹೋಗಬಹುದು. ಗಾಳಿ ಕ್ಯಾಮೆರಾದ ಮುಖವನ್ನೇ ತಳ್ಳುತ್ತದೆ, ತೂಕ ಎಷ್ಟು ಸರಿ ಇದ್ದರೂ. ಅದಕ್ಕೆ POWER ಸ್ವಲ್ಪ ಏರಿಸಿ, P ಸ್ವಲ್ಪ ಇಳಿಸಿದ ಇನ್ನೊಂದು ಪ್ರೊಫೈಲನ್ನು ಅದೇ ಬೋರ್ಡಿನಲ್ಲಿ ಉಳಿಸಿಕೊಟ್ಟೆ. ಎರಡು ಅಕ್ಷದ ಗಿಂಬಲ್ ಆದ್ದರಿಂದ ಡ್ರೋನಿನ ಮೂಗು ಗಾಳಿಗೆ ಎಡಬಲಕ್ಕೆ ತೊನೆದರೆ ಅದು ಚಿತ್ರದಲ್ಲಿ ಕಾಣುತ್ತದೆ, ಅದನ್ನು ಹಿಡಿಯುವ ಮೋಟಾರೇ ಇದರಲ್ಲಿಲ್ಲ. ಅಲ್ಲಿ ತೊನೆತ ಕಂಡರೆ ಗಿಂಬಲ್ ಬಿಟ್ಟು, ಡ್ರೋನನ್ನೇ ನಡೆಸುವ ಫ್ಲೈಟ್ ಕಂಟ್ರೋಲರಿನಲ್ಲಿ ಮೂಗಿನ ಎಡಬಲ ತಿರುವಿಗೆ ಇರುವ YAW ಅಂಕಿಗಳನ್ನು ನೋಡಬೇಕು ಎಂದು ಹುಡುಗನಿಗೆ ಹೇಳಿ ಕಳಿಸಿದೆ.